ಆಷಾಢದ ಪಾರ್ಲರ್ ಮತ್ತು ರಿಯಾಯಿತಿಯ ಲೆಕ್ಕ

ತೀರ್ಥಹಳ್ಳಿಯಂತಹ ಮಲೆನಾಡಿನ ಪೇಟೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವವರಿಗೆ ವರ್ಷವೆಂದರೆ ಹನ್ನೆರಡು ಸಮಾನ ತಿಂಗಳುಗಳಲ್ಲ. ಏಪ್ರಿಲ್, ಮೇ ತಿಂಗಳ ಮದುವೆಗಳಲ್ಲಿ ಊಟಕ್ಕೂ ಬಿಡುವು ಸಿಗುವುದಿಲ್ಲ. ಜೂನ್ ಎರಡನೆಯ ವಾರ ಮಳೆ ಹಿಡಿದು, ಆರಿದ್ರಾ ಮಳೆ ಸುರಿಯತೊಡಗಿ, ಅದರ ಬೆನ್ನಿಗೆ ಆಷಾಢವೂ ಬಂದಿತೆಂದರೆ ಕುರ್ಚಿಗಳು ಖಾಲಿಯಾಗುತ್ತವೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ನಮ್ಮ ತಾಲ್ಲೂಕಿನಲ್ಲೇ ಇದೆ ಎಂದರೆ, ಜುಲೈ ತಿಂಗಳ ಒಂದು ಮಧ್ಯಾಹ್ನ ಪೇಟೆಯ ರಸ್ತೆ ಹೇಗಿರುತ್ತದೆ ಎಂಬುದನ್ನು ಬೇರೆ ಊರಿನವರೂ ಊಹಿಸಿಕೊಳ್ಳಬಹುದು. ಆ ದಿನಗಳಲ್ಲಿ ಬಹುತೇಕ ಪಾರ್ಲರುಗಳ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒಂದೇ ಬಗೆಯ ಚಿತ್ರ ಕಾಣಿಸಿಕೊಳ್ಳುತ್ತದೆ: ಮಾನ್ಸೂನ್ ಆಫರ್, ಫೇಶಿಯಲ್ ಮೇಲೆ ಶೇಕಡಾ 25, ಸ್ಮೂದ್ನಿಂಗ್ ಅರ್ಧ ಬೆಲೆಗೆ.

ಈ ಆಫರನ್ನು ಹಾಕುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ ಎಂದು ನನಗೆ ಅನ್ನಿಸುತ್ತದೆ. ಮೇ ತಿಂಗಳಲ್ಲಿ ಇದೇ ಬೆಲೆ ಕೊಟ್ಟು ಬಂದವರು ಜುಲೈ ತಿಂಗಳಲ್ಲಿ ಬರುತ್ತಿಲ್ಲವೇಕೆ? ಬೆಲೆಯಂತೂ ಬದಲಾಗಿಲ್ಲ. ಬದಲಾಗಿರುವುದು ಬೇರೆ ಸಂಗತಿಗಳು. ಸಮಾರಂಭಗಳಿಲ್ಲ, ಹಾಗಾಗಿ ತಯಾರಾಗುವ ಕಾರಣವಿಲ್ಲ. ಗದ್ದೆ ಇರುವ ಮನೆಯಲ್ಲಿ ನಾಟಿ, ತೋಟ ಇರುವ ಮನೆಯಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಗಡಿಬಿಡಿ. ಆಳುಗಳಿಗೆ ಅಡುಗೆ ಮಾಡುವ ಹೆಂಗಸು ಪೇಟೆಗೆ ಹೊರಡುವುದಾದರೂ ಯಾವಾಗ? ಅಡಿಕೆಯ ದುಡ್ಡು ಕೈಗೆ ಬರಲು ಇನ್ನೂ ತಿಂಗಳುಗಳಿವೆ. ಜಿಲ್ಲಾಧಿಕಾರಿಗಳು ಮಳೆಗೆ ಶಾಲೆಗಳಿಗೆ ರಜೆ ಘೋಷಿಸಿದರೆ ಚಿಕ್ಕ ಮಕ್ಕಳ ತಾಯಂದಿರು ಮನೆಯಲ್ಲೇ ಉಳಿಯುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ ಎಂಬುದು ನಿಜವಾದರೂ, ನಮ್ಮ ಕಡೆಯ ಅನೇಕ ಹಳ್ಳಿಗಳಿಗೆ ಓಡಾಡುವುದು ಖಾಸಗಿ ಬಸ್ಸುಗಳು, ಅವೂ ಜಡಿಮಳೆಯಲ್ಲಿ ಸಮಯಕ್ಕೆ ಸರಿಯಾಗಿ ಬರುವುದಿಲ್ಲ. ಈ ಕಾರಣಗಳಲ್ಲಿ ಒಂದನ್ನೂ ಇನ್ನೂರು ರೂಪಾಯಿಯ ರಿಯಾಯಿತಿ ನಿವಾರಿಸುವುದಿಲ್ಲ. ಆ ರಿಯಾಯಿತಿಯ ಲಾಭ ಸಲ್ಲುವುದು ಮುಖ್ಯವಾಗಿ ಪೇಟೆಯಲ್ಲೇ ವಾಸಿಸುವ ಶಿಕ್ಷಕಿಯರು, ಬ್ಯಾಂಕಿನವರು, ಆಸ್ಪತ್ರೆಯ ನರ್ಸುಗಳು ಮುಂತಾದ ಸಂಬಳದಾರ ಗ್ರಾಹಕರಿಗೆ. ಅವರು ಮಳೆಯಿದ್ದರೂ ಪೂರ್ತಿ ಬೆಲೆ ಕೊಟ್ಟು ಬರುತ್ತಿದ್ದವರು.

ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ಬಿಡಿಸಿ ನೋಡೋಣ. ಫೇಶಿಯಲ್ಲಿಗೆ 800 ರೂಪಾಯಿ ಇದೆ ಎಂದುಕೊಳ್ಳಿ. ಕ್ರೀಮು, ಪ್ಯಾಕು, ಹತ್ತಿ, ಟವೆಲ್ ಒಗೆತ, ಕರೆಂಟು ಎಲ್ಲ ಸೇರಿ 200 ರೂಪಾಯಿ ಖರ್ಚು. ಬಾಡಿಗೆಗೂ ಸಹಾಯಕಿಯ ಸಂಬಳಕ್ಕೂ ನಮ್ಮ ಕೈಗೂ ಉಳಿಯುವುದು 600. ಶೇಕಡಾ 25 ಕಡಿತ ಮಾಡಿದರೆ ಬೆಲೆ 600 ಆಗುತ್ತದೆ, ಆದರೆ ಸಾಮಗ್ರಿಯ 200 ಹಾಗೆಯೇ ಇರುವುದರಿಂದ ಉಳಿಯುವುದು 400 ಮಾತ್ರ. ಗ್ರಾಹಕರಿಗೆ ಕಾಣುವ ಕಡಿತ ಕಾಲುಭಾಗವಾದರೂ ನಮ್ಮ ಕೈಯಿಂದ ಹೋದದ್ದು ಮೂರನೆಯ ಒಂದು ಭಾಗ. ಆಫರ್ ಇಲ್ಲದೆಯೂ ಜುಲೈನಲ್ಲಿ 20 ಫೇಶಿಯಲ್ ಆಗುತ್ತಿತ್ತು ಎಂದಾದರೆ ಉಳಿಯುತ್ತಿದ್ದ ಮೊತ್ತ 12,000. ಅದೇ ಮೊತ್ತಕ್ಕೆ ಆಫರಿನಲ್ಲಿ 30 ಫೇಶಿಯಲ್ ಮಾಡಬೇಕು.

ಮಳೆಗಾಲದಲ್ಲಿ ಹೇಗೂ ಸಮಯ ಬಿದ್ದಿರುತ್ತದೆ, ಖಾಲಿ ಕೂರುವುದಕ್ಕಿಂತ 400 ಬಂದರೂ ಲಾಭವೇ ಅಲ್ಲವೇ ಎಂದು ಕೇಳಬಹುದು. ಹೆಚ್ಚಾಗಿ ಬಂದವರು ನಿಜವಾಗಿ ಹೊಸಬರಾಗಿದ್ದರೆ ಆ ವಾದ ಸರಿ. ಆದರೆ ಆಫರಿನಿಂದ 28 ಮಂದಿ ಬಂದರು, ಹೆಚ್ಚಾದ ಎಂಟು ಮಂದಿಯಲ್ಲಿ ಐವರು ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಪೂರ್ತಿ ಬೆಲೆಗೆ ಬರುತ್ತಿದ್ದವರೇ ಎಂದುಕೊಳ್ಳಿ. ಅವರು ಜುಲೈನಲ್ಲೇ ಮಾಡಿಸಿಕೊಂಡದ್ದರಿಂದ ಹಬ್ಬಕ್ಕೆ ಐಬ್ರೋ ಒಂದನ್ನೇ ಮಾಡಿಸಿಕೊಂಡು ಹೋಗುತ್ತಾರೆ. ಆಫರ್ ಇಲ್ಲದಿದ್ದರೆ ಜುಲೈನ 12,000 ಮತ್ತು ಹಬ್ಬದ ಆ ಐವರ 3,000 ಸೇರಿ 15,000 ಉಳಿಯಬೇಕಿತ್ತು. ಆಫರಿನಲ್ಲಿ ಉಳಿದದ್ದು 28ರ ಲೆಕ್ಕದಲ್ಲಿ 11,200. ಕೆಲಸ ಹೆಚ್ಚಾಯಿತು, ಸಾಮಗ್ರಿ ಹೆಚ್ಚು ಖರ್ಚಾಯಿತು, ಎರಡು ತಿಂಗಳಿನಲ್ಲಿ ಕೈಯಿಂದ 3,800 ಹೋಯಿತು. ಜುಲೈ ತಿಂಗಳ ಪುಸ್ತಕವನ್ನಷ್ಟೇ ನೋಡುವವರಿಗೆ ಇದು ಕಾಣಿಸುವುದೇ ಇಲ್ಲ, ಏಕೆಂದರೆ ಜುಲೈನಲ್ಲಿ ಪಾರ್ಲರ್ ತುಂಬಿತ್ತು. ಆದ್ದರಿಂದ ಮಳೆಗಾಲದ ಲೆಕ್ಕವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಒಟ್ಟಿಗೆ ಹಾಕಬೇಕು; ತಿಂಗಳು ತಿಂಗಳಾಗಿ ಹಾಕಿದರೆ ದಾರಿ ತಪ್ಪುತ್ತದೆ.

ಇದಕ್ಕಿಂತ ನಿಧಾನವಾಗಿ ಆಗುವ ನಷ್ಟವೊಂದಿದೆ. ಎರಡು ವರ್ಷ ಸತತವಾಗಿ ಆಷಾಢದಲ್ಲಿ ಆಫರ್ ಕೊಟ್ಟರೆ ಮೂರನೆಯ ವರ್ಷ ಮೇ ತಿಂಗಳ ಕೊನೆಯಲ್ಲೇ ಫೋನು ಬರುತ್ತದೆ: “ಅಕ್ಕಾ, ಆಫರ್ ಯಾವಾಗ ಹಾಕ್ತೀರಿ?” ಆ ಪ್ರಶ್ನೆ ಕೇಳಿಬಂದಿತೆಂದರೆ, ಗ್ರಾಹಕರ ಮನಸ್ಸಿನಲ್ಲಿ ಫೇಶಿಯಲ್ಲಿನ ನಿಜವಾದ ಬೆಲೆ 600 ಎಂದೂ, 800 ಎಂಬುದು ಕಾಯಲು ತಿಳಿಯದವರು ಕೊಡುವ ಬೆಲೆ ಎಂದೂ ಆಗಿಹೋಗಿದೆ ಎಂದರ್ಥ. ಅದೇ ರಸ್ತೆಯ ಇನ್ನೊಂದು ಪಾರ್ಲರ್ ಶೇಕಡಾ 30 ಎಂದು ಹಾಕಿದರೆ ಮುಂದಿನ ಹೆಜ್ಜೆ ಏನೆಂಬುದು ಎಲ್ಲರಿಗೂ ಗೊತ್ತು. ಕಡೆಗೆ ಖರ್ಚು ಸರಿದೂಗಿಸಲು ಅಗ್ಗದ ಕಿಟ್ ತರುವುದು, ಮಸಾಜಿನ ಸಮಯ ಕಡಿಮೆ ಮಾಡುವುದು ಶುರುವಾಗುತ್ತದೆ. ಅದನ್ನು ಕಂಡುಹಿಡಿಯಲು ಗ್ರಾಹಕರಿಗೆ ಹೆಚ್ಚು ಹೊತ್ತು ಬೇಡ.

ಹಾಗಾದರೆ ಕುರ್ಚಿ ತುಂಬಿಸುವುದು ಹೇಗೆ? ನನ್ನ ಉತ್ತರ ಕೂದಲಿನಿಂದ ಆರಂಭವಾಗುತ್ತದೆ. ಮಳೆ ಬಂದರೂ ಬಿಟ್ಟರೂ ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬಣ್ಣ ಹಾಕಿಸಿಕೊಂಡವರ ಬೈತಲೆಯಲ್ಲಿ ನಾಲ್ಕರಿಂದ ಆರು ವಾರದೊಳಗೆ ಬಿಳಿ ಗೆರೆ ಕಾಣಿಸುತ್ತದೆ. ಹುಬ್ಬು ಮೂರು ನಾಲ್ಕು ವಾರಕ್ಕೆ ಆಕಾರ ಕಳೆದುಕೊಳ್ಳುತ್ತದೆ, ವ್ಯಾಕ್ಸಿಂಗ್ ಮಾಡಿಸಿಕೊಂಡ ಕೈಯಲ್ಲಿ ನಾಲ್ಕೈದು ವಾರಕ್ಕೆ ಕೂದಲು ಮತ್ತೆ ಬರುತ್ತದೆ. ಈ ಕೆಲಸಗಳ ಅಗತ್ಯ ಮಳೆಗಾಲದಲ್ಲಿ ಕಡಿಮೆಯಾಗುವುದಿಲ್ಲ. ಮುಂದಕ್ಕೆ ಹೋಗುತ್ತದೆ ಅಷ್ಟೇ. ನಾಲ್ಕು ವಾರಕ್ಕೊಮ್ಮೆ ಬರುತ್ತಿದ್ದವರು “ಮಳೆ ಕಡಿಮೆಯಾಗಲಿ” ಎಂದು ಒಂದು ಸಲ ಏಳು ವಾರಕ್ಕೆ ಬಂದರೆ ವರ್ಷದ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಭೇಟಿ ಕಳೆದುಹೋಗುತ್ತದೆ, ಮತ್ತೆ ಅದು ಸಿಗುವುದಿಲ್ಲ. ಹೀಗೆ ಮುಂದೆ ಹೋಗುವುದನ್ನು ತಡೆಯುವುದು ರಿಯಾಯಿತಿಯಲ್ಲ, ಮುಂಚೆಯೇ ಗೊತ್ತುಮಾಡಿದ ದಿನ.

ಆದ್ದರಿಂದ ಜೂನ್ ಮೊದಲ ವಾರದಿಂದಲೇ, ಬಿಲ್ ಮಾಡುವಾಗ ಮುಂದಿನ ದಿನವನ್ನು ಡೈರಿಯಲ್ಲಿ ಬರೆದುಕೊಳ್ಳುವ ಅಭ್ಯಾಸ ಇಟ್ಟುಕೊಂಡಿದ್ದೇನೆ. “ಮುಂದಿನ ಸಲ ಭೀಮನ ಅಮಾವಾಸ್ಯೆಗೆ ನಾಲ್ಕು ದಿನ ಮೊದಲು ಇಟ್ಟುಕೊಳ್ಳೋಣವೇ, ಹನ್ನೊಂದೂವರೆಯ ಬಸ್ಸಿಗೆ ಬಂದರೆ ಒಂದೂವರೆಯ ಬಸ್ಸಿಗೆ ಹೋಗಬಹುದು” ಎಂದು ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಹಬ್ಬದ ಹೆಸರೂ ಬಸ್ಸಿನ ಸಮಯವೂ ಮಾತಿನಲ್ಲಿ ಸೇರಿದಾಗ ದಿನ ನೆನಪಿನಲ್ಲಿ ಉಳಿಯುತ್ತದೆ. ಎರಡು ದಿನ ಮೊದಲು ಅವರ ಹೆಸರಿಗೇ ಒಂದು ಸಂದೇಶ ಕಳಿಸುತ್ತೇನೆ: “ಶುಕ್ರವಾರ 11.30ಕ್ಕೆ ನಿಮ್ಮ ಸಮಯ ಕಾದಿರಿಸಿದ್ದೇನೆ, ಮಳೆ ಜೋರಿದ್ದರೆ ಬೆಳಿಗ್ಗೆ ಒಂದು ಮಾತು ತಿಳಿಸಿ, ಬೇರೆ ದಿನ ಮಾಡೋಣ.” ಸ್ಟೇಟಸ್ಸಿನಲ್ಲಿ ಹಾಕಿದ ಆಫರ್ ಚಿತ್ರಕ್ಕೂ ಹೆಸರು ಹಿಡಿದು ಕಳಿಸಿದ ಈ ಎರಡು ಸಾಲಿಗೂ ಬರುವ ಪ್ರತಿಕ್ರಿಯೆಯಲ್ಲಿ ಬಹಳ ವ್ಯತ್ಯಾಸವಿದೆ. ಮಳೆಗೆ ತಪ್ಪಿಸಿಕೊಂಡವರಿಂದ ದಂಡ ಕೇಳಬಾರದು. ಅದೇ ಮಾತಿನಲ್ಲಿ ಇನ್ನೊಂದು ದಿನವನ್ನು ಗೊತ್ತುಮಾಡಿಕೊಂಡರೆ ಸಾಕು.

ಎರಡನೆಯ ದಾರಿಗೆ ಆಷಾಢವೇ ಕಾರಣ ಒದಗಿಸುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ ಎಂದು ನಾವು ಕೊರಗುತ್ತೇವೆ, ಆದರೆ ಅದೇ ತಿಂಗಳಲ್ಲಿ ಆ ವರ್ಷ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ ಎಂಬುದನ್ನು ಮರೆಯುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕೈಯಲ್ಲೇ ಅಲಂಕಾರ ಮಾಡಿಸಿಕೊಂಡು ಬೆಂಗಳೂರಿಗೋ ಶಿವಮೊಗ್ಗಕ್ಕೋ ಹೋದವರು ಮೂರು ನಾಲ್ಕು ವಾರ ತಾಯಿಯ ಮನೆಯಲ್ಲಿ ಇರುತ್ತಾರೆ. ಅವರಿಗೆ ಬಿಡುವಿದೆ, ಭೀಮನ ಅಮಾವಾಸ್ಯೆಯ ಪೂಜೆಯೂ ಶ್ರಾವಣದ ಮಂಗಳಗೌರಿ ವ್ರತವೂ ಮುಂದಿವೆ, ಗಂಡನ ಮನೆಗೆ ಮರಳುವ ದಿನ ಗೊತ್ತಾಗಿದೆ. ಅವರಿಗೆ ತೊಡಕಾಗಿರುವುದು ಮಳೆಯೂ ಬಸ್ಸೂ. ಹಾಗಾಗಿ ನಾವೇ ಅವರ ಮನೆಗೆ ಹೋಗಬೇಕು, ಆದರೆ ಒಬ್ಬರಿಗಾಗಿ ಹೋಗಬಾರದು.

ಪೇಟೆಯಿಂದ ಹದಿನೈದು ಕಿಲೋಮೀಟರ್ ದೂರದ ಒಂದು ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಮನೆಗೆ ಬರಬೇಕಾದರೆ ಒಟ್ಟು ಕೆಲಸ ಕನಿಷ್ಠ 2,000 ರೂಪಾಯಿಯದ್ದಿರಬೇಕು, ಆಟೋ ಖರ್ಚು 300 ಬೇರೆ, ಬೆಲೆಪಟ್ಟಿ ಅಂಗಡಿಯದ್ದೇ ಎಂದು ಮೊದಲೇ ಹೇಳಿರುತ್ತೇನೆ. ಮದುಮಗಳಿಗೆ ಕೈಕಾಲು ವ್ಯಾಕ್ಸಿಂಗ್ 500, ಫೇಶಿಯಲ್ 800. ಆಕೆಯ ತಾಯಿಗೆ ರೂಟ್ ಟಚ್‌ಅಪ್ ಮತ್ತು ಐಬ್ರೋ ಸೇರಿ 550. ಚಿಕ್ಕಮ್ಮನಿಗೆ ಪೆಡಿಕ್ಯೂರ್ 500. ಪಕ್ಕದ ಮನೆಯ ಇಬ್ಬರಿಗೆ ಐಬ್ರೋ 100, ಅವರಲ್ಲೊಬ್ಬರ ಮಗಳಿಗೆ ಹೇರ್‌ಕಟ್ 250. ಒಟ್ಟು 2,700. ಇದರಲ್ಲಿ ಸಾಮಗ್ರಿಗೆ ಸುಮಾರು 650 ಕಳೆದರೂ ಅರ್ಧ ದಿನಕ್ಕೆ 2,000ಕ್ಕಿಂತ ಹೆಚ್ಚು ಉಳಿಯುತ್ತದೆ. ಅದೇ ಅರ್ಧ ದಿನ ಅಂಗಡಿಯಲ್ಲಿ ಕುಳಿತಿದ್ದರೆ ಬರುತ್ತಿದ್ದದ್ದು ನಾಲ್ಕೈದು ಐಬ್ರೋ.

ಇಲ್ಲಿ ಕೆಲಸದ ಕ್ರಮ ಬಹಳ ಮುಖ್ಯ. ಮೊದಲು ತಾಯಿಯ ಬೈತಲೆಗೆ ಬಣ್ಣ ಹಚ್ಚಿಬಿಡಬೇಕು, ಅದು ಹಿಡಿಯಲು ಬೇಕಾದ ಅರ್ಧ ಗಂಟೆಯಲ್ಲಿ ಐಬ್ರೋಗಳು ಮುಗಿಯುತ್ತವೆ. ಅವರಿಗೆ ಅದೇ ಬಣ್ಣವನ್ನು ಹಿಂದೆ ಹಾಕಿ ಗೊತ್ತಿದ್ದರೆ ಮಾತ್ರ ಇದು. ಹೊಸಬರಿಗಾದರೆ 48 ಗಂಟೆ ಮೊದಲು ಕಿವಿಯ ಹಿಂದೆ ಹಚ್ಚಿ ಪರೀಕ್ಷಿಸದೆ ಬಣ್ಣ ಹಾಕುವುದಿಲ್ಲ. ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ್ದರಿಂದ ವ್ಯಾಕ್ಸ್ ಹೀಟರನ್ನು ನಂಬಿ ಹೋಗುವಂತಿಲ್ಲ. ವ್ಯಾಕ್ಸಿನ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಗ್ಯಾಸಿನ ಮೇಲೆ ಸಣ್ಣ ಉರಿಯಲ್ಲಿ ಕರಗಿಸಿದರೂ ಆಗುತ್ತದೆ, ಆದರೆ ಪ್ರತಿ ಸಲವೂ ನಮ್ಮ ಮುಂಗೈಗೆ ಹಚ್ಚಿ ಬಿಸಿ ನೋಡಿಯೇ ಇನ್ನೊಬ್ಬರಿಗೆ ಹಚ್ಚಬೇಕು. ಮಳೆಗಾಲದ ತೇವಕ್ಕೆ ಚರ್ಮ ಅಂಟಂಟಾಗಿರುವುದರಿಂದ ಒಣ ಬಟ್ಟೆಯಿಂದ ಒರೆಸಿ ಪೌಡರ್ ಹಾಕದಿದ್ದರೆ ವ್ಯಾಕ್ಸ್ ಕೂದಲನ್ನು ಹಿಡಿಯುವುದಿಲ್ಲ. ಒಂದೇ ಜಾಗವನ್ನು ಎರಡು ಮೂರು ಸಲ ಎಳೆದು ಚರ್ಮ ಕೆಂಪಾಗುವುದು ಹೀಗೆಯೇ. ಫೇಶಿಯಲ್ಲಿಗೆ ಸ್ಟೀಮರ್ ಬದಲು ಬಿಸಿನೀರಿನಲ್ಲಿ ಹಿಂಡಿದ ಟವೆಲ್ ಸಾಕು. ಒದ್ದೆ ಟವೆಲುಗಳನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬರಬೇಕು.

ಟವೆಲಿನ ಮಾತು ಬಂದದ್ದರಿಂದ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ಟವೆಲುಗಳು ಎರಡು ದಿನವಾದರೂ ಒಣಗುವುದಿಲ್ಲ, ಅರೆಬರೆ ಒಣಗಿದ ಟವೆಲಿಗೆ ಮುಗ್ಗಲು ವಾಸನೆ ಬರುತ್ತದೆ, ಆ ವಾಸನೆಯ ಟವೆಲು ಮುಖಕ್ಕೆ ತಗುಲಿದ ಗ್ರಾಹಕರು ಏನೂ ಹೇಳದೆ ಮುಂದಿನ ಸಲ ಬೇರೆ ಕಡೆ ಹೋಗುತ್ತಾರೆ. ಆಫರಿಗಾಗಿ ಕಳೆದುಕೊಳ್ಳುವ ದುಡ್ಡಿನ ಒಂದು ಪಾಲನ್ನು, ಒಮ್ಮೆ ಬಳಸಿ ಬಿಸಾಡುವ ಟಿಶ್ಯೂ ಟವೆಲುಗಳಿಗೆ ಹಾಕಿದರೆ ಅದು ಹೆಚ್ಚು ಗ್ರಾಹಕರನ್ನು ಉಳಿಸಿಕೊಡುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಮೂರನೆಯದು, ಮಳೆಗಾಲವೇ ತರುವ ಕೆಲಸ. ಈ ದಿನಗಳಲ್ಲಿ ಕಾಲು ದಿನವಿಡೀ ಒದ್ದೆಯಾಗಿರುತ್ತದೆ, ತಲೆ ಸರಿಯಾಗಿ ಒಣಗದೆ ಹೊಟ್ಟು ಹೆಚ್ಚುತ್ತದೆ, ಕೂದಲು ಉಬ್ಬಿ ಸಿಕ್ಕಾಗುತ್ತದೆ. ಕಾಲಿನ ಆರೈಕೆಯೂ ತಲೆಯ ಆರೈಕೆಯೂ ಪೂರ್ತಿ ಬೆಲೆಗೆ ನಡೆಯಬೇಕಾದ ಕಾಲ ಇದು. ಆದರೆ ಪೆಡಿಕ್ಯೂರ್ ಮಾಡುವವರು ಮೊದಲು ಬೆರಳ ಸಂದಿಗಳನ್ನು ಬಿಡಿಸಿ ನೋಡಬೇಕು. ಅಲ್ಲಿ ಚರ್ಮ ಬೆಳ್ಳಗೆ ನೆಂದು ಬಿರಿದಿದ್ದರೆ, ತುರಿಕೆ ಇದೆ ಎಂದರೆ, ಅದು ಕೆಸರುಹುಣ್ಣು; ಆ ಕಾಲನ್ನು ಟಬ್ಬಿಗೆ ಇಳಿಸದೆ ಚರ್ಮದ ವೈದ್ಯರಲ್ಲಿಗೆ ಕಳಿಸಬೇಕು. ಆ ದಿನದ 500 ರೂಪಾಯಿ ಹೋಗುತ್ತದೆ, ಆದರೆ ಅದೇ ಟಬ್ಬಿನಿಂದ ಇನ್ನೊಬ್ಬರಿಗೆ ಸೋಂಕು ಹರಡುವುದು ತಪ್ಪುತ್ತದೆ, ಹಾಗೆ ಕಳಿಸಿದವರು ವಾಸಿಯಾದ ಮೇಲೆ ನಂಬಿಕೆಯಿಂದ ಮರಳಿ ಬರುತ್ತಾರೆ. ಆರೋಗ್ಯವಾಗಿರುವ ಕಾಲಿನಲ್ಲೂ ಮಳೆಗಾಲಕ್ಕೆ ಹಿಮ್ಮಡಿ ಮೆತ್ತಗಾಗಿರುವುದರಿಂದ ಉಜ್ಜುವ ಕೈ ಹಗುರವಾಗಿರಬೇಕು, ಸಂದಿಗಳನ್ನು ಪೂರ್ತಿ ಒಣಗಿಸಿಯೇ ಎಬ್ಬಿಸಬೇಕು. ಲೋಹದ ಸಲಕರಣೆಗಳನ್ನು ಸೋಪಿನಲ್ಲಿ ತಿಕ್ಕಿ ತೊಳೆದು ಆಮೇಲೆ ಸೋಂಕುನಿವಾರಕದಲ್ಲಿ ಮುಳುಗಿಸಿಡಬೇಕು. ನೀರು ಹೀರುವ ಪ್ಯೂಮಿಸ್ ಕಲ್ಲನ್ನು ಒಬ್ಬರಿಗೆ ಬಳಸಿದ ಮೇಲೆ ಇನ್ನೊಬ್ಬರಿಗೆ ಬಳಸಬಾರದು.

ಹೆಚ್ಚಿನ ಮಾನ್ಸೂನ್ ಆಫರುಗಳು, ರಾಸಾಯನಿಕ ಹಚ್ಚಿ ಕೂದಲನ್ನು ನೇರವಾಗಿಸುವ ಸ್ಮೂದ್ನಿಂಗ್ ಮೇಲೆಯೇ ಇರುವುದು ನನಗೆ ಬೇಸರ ತರುವ ಸಂಗತಿ. ಮೊತ್ತ ದೊಡ್ಡದು, ಹಾಗಾಗಿ ಕಡಿತವೂ ಆಕರ್ಷಕವಾಗಿ ಕಾಣುತ್ತದೆ. ಆದರೆ ಅದರಲ್ಲಿ ಬಹಳಷ್ಟು ಬಗೆಗಳಿಗೆ ಮೂರು ದಿನ ಕೂದಲಿಗೆ ನೀರು ತಾಗಬಾರದು. ಬಸ್ಸಿಗಾಗಿ ಮಳೆಯಲ್ಲಿ ನಿಲ್ಲಬೇಕಾದ ಹೆಣ್ಣುಮಗಳಿಗೆ ಜುಲೈನಲ್ಲಿ ಆ ಷರತ್ತನ್ನು ಪಾಲಿಸಲು ಸಾಧ್ಯವಿದೆಯೇ? ಕೂದಲು ಮಡಿಚಿದ ಕಡೆ ಗೆರೆ ಬೀಳುತ್ತದೆ, ಕೆಲಸ ಕೆಟ್ಟಿತೆಂದು ಮರಳಿ ಬರುತ್ತಾರೆ, ಮತ್ತೊಮ್ಮೆ ಉಚಿತವಾಗಿ ಮಾಡಿಕೊಡಬೇಕಾಗುತ್ತದೆ. ಮಳೆಗೆ ಕಿಟಕಿ ಮುಚ್ಚಿಕೊಂಡ ಸಣ್ಣ ಕೋಣೆಯಲ್ಲಿ ಆ ರಾಸಾಯನಿಕದ ಹೊಗೆಯನ್ನು ಸಹಾಯಕಿಯೂ ನಾವೂ ಗಂಟೆಗಟ್ಟಲೆ ಉಸಿರಾಡುವುದು ಇನ್ನೂ ದೊಡ್ಡ ತೊಂದರೆ. ಕೇಳಿಕೊಂಡು ಬಂದವರಿಗೆ ದಸರೆಯ ಹೊತ್ತಿಗೆ ಮಾಡಿಸಿಕೊಳ್ಳಿ ಎಂದು ಹೇಳಿ, ಈಗ ಹೇರ್ ಸ್ಪಾ ಮಾಡಿ ತುದಿ ಕತ್ತರಿಸಿ ಕಳಿಸುವುದೇ ಸರಿ.

ಗ್ರಾಹಕರಿಗೆ ಏನಾದರೂ ಹೆಚ್ಚಾಗಿ ಕೊಡಬೇಕೆಂಬ ಆಸೆ ತಪ್ಪಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಹೇರಳವಾಗಿರುವುದು ಸಮಯ, ಸಾಮಗ್ರಿಯಲ್ಲ. ಕೊಡುವುದಾದರೆ ಸಮಯವನ್ನು ಕೊಡಬೇಕು. ಫೇಶಿಯಲ್ ಮಾಡಿಸಿಕೊಂಡವರಿಗೆ ಹತ್ತು ನಿಮಿಷ ಹೆಚ್ಚಾಗಿ ಕುತ್ತಿಗೆ, ಭುಜ ಒತ್ತಿಕೊಟ್ಟರೆ ಖರ್ಚಾಗುವುದು ಒಂದು ಚಮಚ ಎಣ್ಣೆ. ಚಳಿಯಲ್ಲಿ ನಡುಗುತ್ತ ಬಂದವರ ಕಾಲಿಗೆ ಬಿಸಿನೀರು ಕೊಟ್ಟು ಒರೆಸಿಕೊಳ್ಳಲು ಒಣ ಟವೆಲು ಕೊಟ್ಟರೆ ಅದು 200 ರೂಪಾಯಿಯ ಕಡಿತಕ್ಕಿಂತ ಹೆಚ್ಚು ದಿನ ನೆನಪಿರುತ್ತದೆ. ಇದರಲ್ಲಿ ಒಂದು ಎಚ್ಚರವಿದೆ: ಹೀಗೆ ಕೊಡುವುದು ಬೆಲೆಪಟ್ಟಿಯಲ್ಲಿ ಇಲ್ಲದ ವಸ್ತುವಾಗಿರಬೇಕು. ಐಬ್ರೋ ಉಚಿತ ಎಂದು ಕೊಟ್ಟರೆ ಐಬ್ರೋದ ಬೆಲೆ ಬಿದ್ದಂತೆಯೇ. ಇದನ್ನು ಸ್ಟೇಟಸ್ಸಿನಲ್ಲಿ ಸಾರಲೂಬಾರದು, ಸಾರಿದರೆ ಅದೂ ಒಂದು ಆಫರ್ ಆಗಿಬಿಡುತ್ತದೆ.

ಕಾರ್ತಿಕದ ಮದುವೆಗಳ ಮಾತುಕತೆ ಆಷಾಢ ಕಳೆಯುವ ಮುಂಚೆಯೇ ಮನೆಗಳಲ್ಲಿ ಆರಂಭವಾಗಿರುತ್ತದೆ. ಮೇಕಪ್ ಟ್ರಯಲ್ ಮಾಡಲು, ಚರ್ಮಕ್ಕೆ ಮೂರು ತಿಂಗಳ ಆರೈಕೆಯನ್ನು ಗೊತ್ತುಮಾಡಲು, ಸೀರೆಯ ಬಣ್ಣಕ್ಕೆ ತಕ್ಕ ಜಡೆ ಅಲಂಕಾರ ಯೋಚಿಸಲು ಜುಲೈನಲ್ಲಿ ಇರುವಷ್ಟು ನೆಮ್ಮದಿ ನವೆಂಬರಿನಲ್ಲಿ ಇರುವುದಿಲ್ಲ. ಟ್ರಯಲಿಗೆ ಶುಲ್ಕ ತೆಗೆದುಕೊಂಡು, ಬುಕ್ಕಿಂಗ್ ಆದರೆ ಅದನ್ನು ಒಟ್ಟು ಮೊತ್ತದಲ್ಲಿ ವಜಾ ಮಾಡುತ್ತೇನೆ. ಅಡ್ವಾನ್ಸ್ ಬಂದ ದುಡ್ಡನ್ನು ಮಾತ್ರ ಜುಲೈ ತಿಂಗಳ ಬಾಡಿಗೆಗೆ ಬಳಸಬಾರದು, ಅದು ಇನ್ನೂ ಮಾಡದ ಕೆಲಸದ ದುಡ್ಡು. ಬೇರೆ ಖಾತೆಯಲ್ಲಿಟ್ಟರೆ ಮದುವೆ ಮುಂದೆ ಹೋದಾಗಲೂ ಮರಳಿಸಲು ಕಷ್ಟವಾಗುವುದಿಲ್ಲ.

ಈಗಾಗಲೇ ಆಫರಿನ ಸುಳಿಯಲ್ಲಿ ಇರುವವರು ಅದನ್ನು ಒಂದೇ ದಿನ ನಿಲ್ಲಿಸುವುದು ಕಷ್ಟ. ನನಗೆ ಪರಿಚಯದ ಒಬ್ಬರು ಮೊದಲ ವರ್ಷ ಫೇಶಿಯಲ್ ಮೇಲಿನ ಕಡಿತವನ್ನಷ್ಟೇ ತೆಗೆದು, ಅದರ ಬದಲು ಮೂರು ತಿಂಗಳಿಗೆ ಮೂರು ಫೇಶಿಯಲ್ ಎಂದು ಮುಂಗಡ ಕೊಟ್ಟವರಿಗೆ ಕೊನೆಯದರ ಜೊತೆ ತಲೆ ಮಸಾಜ್ ಸೇರಿಸಿದರು. ಒಂದು ಸಲದ ಬೆಲೆ ಎಲ್ಲರಿಗೂ 800 ಆಗಿಯೇ ಉಳಿಯಿತು. ಕೆಲವು ಗ್ರಾಹಕರು ಬೇರೆ ಕಡೆ ಹೋದರು. ಎರಡನೆಯ ವರ್ಷ ಹೇರ್ ಸ್ಪಾ ಮೇಲಿನದ್ದನ್ನು ತೆಗೆದರು. ವರಮಹಾಲಕ್ಷ್ಮಿ, ಗೌರಿ ಹಬ್ಬದ ವಾರಗಳಲ್ಲಿ ಯಾವ ಕಾರಣಕ್ಕೂ ಕಡಿತ ಕೊಡುವುದಿಲ್ಲ ಎಂಬುದನ್ನು ಅವರು ಮೊದಲ ದಿನದಿಂದಲೇ ಪಾಲಿಸಿದರು. ಅವರ ಬಿಲ್ ಪುಸ್ತಕದಲ್ಲಿ ಪೂರ್ತಿ ಬೆಲೆಯ ಬಿಲ್ಲುಗಳಿಗೆ ಒಂದು ಗುರುತು, ಕಡಿತದ ಬಿಲ್ಲುಗಳಿಗೆ ಇನ್ನೊಂದು ಗುರುತು ಇರುತ್ತದೆ. ಪ್ರತಿ ಶನಿವಾರ ಅಂಗಡಿ ಮುಚ್ಚುವ ಮೊದಲು ಎರಡನ್ನೂ ಎಣಿಸಿ ಪುಟದ ಕೆಳಗೆ ಬರೆಯುತ್ತಾರೆ, ಕಡಿತದ ಬಿಲ್ಲುಗಳು ಐದರಲ್ಲಿ ಒಂದನ್ನು ಮೀರಿದ ವಾರ ಹೊಸ ಆಫರಿನ ಮಾತನ್ನೇ ಎತ್ತುವುದಿಲ್ಲ.